ಗಡಿಯಾರ ತಪ್ಪಿದ್ದು ಒಂದರಲ್ಲಿ, ವಲಯ ತಪ್ಪಿದ್ದು ಇನ್ನೊಂದರಲ್ಲಿ

ಪ್ರಶ್ನೆ: ಶಿರಸಿ ಪೇಟೆಯಲ್ಲಿ ನಮ್ಮದು ಅಡಿಕೆ ಖರೀದಿಯ ಅಂಗಡಿ. ಎರಡು ವಿಂಡೋಸ್ ಕಂಪ್ಯೂಟರ್ ಇವೆ. ಬಿಲ್ ಮಾಡುವ ಹಳೆಯದನ್ನು ಜನವರಿ ಕೊನೆಗೆ ಕೈಯಿಂದ ಸರಿಮಾಡಿದ್ದೆ, ಈಗ ಜೂನ್ ಕೊನೆಗೆ ಏಳು ನಿಮಿಷ ಹಿಂದೆ ಬಿದ್ದಿದೆ. ಈಚೆಗೆ ಕೊಂಡ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು ಬರೋಬ್ಬರಿ ಐದೂವರೆ ತಾಸು ಹಿಂದೆ ತೋರಿಸುತ್ತದೆ. ಅದನ್ನು ಮುಂದೆ ಮಾಡಿಟ್ಟರೆ ಸ್ವಲ್ಪ ಹೊತ್ತಿಗೆ ಮತ್ತೆ ಹಿಂದಕ್ಕೆ ಹೋಗುತ್ತದೆ. ಎರಡರಲ್ಲೂ ಸಮಯ ತಾನಾಗಿ ಹೊಂದುವ ವ್ಯವಸ್ಥೆ ಚಾಲೂ ಇದೆ. ಹೊರದೇಶದ ಸರ್ವರ್ ತೆಗೆದು ಭಾರತದ್ದು ಹಾಕಿದರೆ ಎರಡೂ ಸರಿಯಾಗುತ್ತವೆಯೇ?

ಉತ್ತರ: ಸರ್ವರ್ ಬದಲಿಸುವುದರಿಂದ ಎರಡನೆಯ ಕಂಪ್ಯೂಟರು ಖಂಡಿತ ಸರಿಯಾಗುವುದಿಲ್ಲ, ಮೊದಲನೆಯದು ಸರಿಯಾಗುವ ಸಂಭವವೂ ಕಡಿಮೆ. ನಿಮ್ಮ ಎರಡು ಯಂತ್ರಗಳ ದೋಷಗಳು ನೋಡಲು ಒಂದೇ ಬಗೆಯವಾಗಿದ್ದರೂ ಅವುಗಳಿಗೆ ಪರಸ್ಪರ ಸಂಬಂಧವಿಲ್ಲ. ಹಳೆಯ ಕಂಪ್ಯೂಟರಿನ ಗಡಿಯಾರವೇ ತಪ್ಪಾಗಿ ನಡೆಯುತ್ತಿದೆ. ಹೊಸದರ ಗಡಿಯಾರ ಸೆಕೆಂಡಿನ ಮಟ್ಟಿಗೂ ಸರಿಯಾಗಿಯೇ ಇದೆ, ಅದನ್ನು ನಿಮಗೆ ತೋರಿಸುವ ರೀತಿ ಮಾತ್ರ ತಪ್ಪಿದೆ. ವಿಚಿತ್ರವೆಂದರೆ ಈಚೆಗೆ ನೀವು ಕೈಯಿಂದ ತಿದ್ದಿದ್ದು ಸರಿಯಾಗಿದ್ದ ಗಡಿಯಾರವನ್ನು.

ಕಂಪ್ಯೂಟರಿನ ಒಳಗೆ ಇರುವುದು ಭಾರತದ ಸಮಯವಲ್ಲ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಚಾಲನೆಯಲ್ಲಿರುವಾಗ ಯುಟಿಸಿ ಎಂಬ ಜಾಗತಿಕ ಸಮಯವೊಂದನ್ನೇ ಎಣಿಸುತ್ತ ಹೋಗುತ್ತದೆ. ಪರದೆಯ ಮೂಲೆಯಲ್ಲಿ ಸಮಯ ಬರೆಯುವ ಗಳಿಗೆಗೆ ಮಾತ್ರ ಅದು ಆಯ್ದ ಸಮಯ ವಲಯದ ನಿಯಮವನ್ನು ನೋಡಿ, ಭಾರತವಾದರೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ನಿಮ್ಮ ಅಂಗಡಿಯಲ್ಲಿ ಬೆಳಿಗ್ಗೆ 11 ಗಂಟೆಯಾಗಿದ್ದಾಗ ಎರಡನೆಯ ಕಂಪ್ಯೂಟರಿನ ಒಳಗೆ 05:30 ಇತ್ತು, ಮತ್ತು ಅದು ಸರಿ. ಹಿಂದಿನ ಮಾಲೀಕರೋ ಮಾರಿದವರೋ ವಲಯವನ್ನು ಯುಟಿಸಿಗೆ ಇಟ್ಟುಬಿಟ್ಟಿದ್ದರಿಂದ ಕೂಡಿಸಬೇಕಾದದ್ದು ಸೊನ್ನೆಯಾಯಿತು, ಪರದೆಯ ಮೇಲೂ 05:30 ಎಂದೇ ಬಂತು.

ನೀವು ಅದನ್ನು ಕೈಯಿಂದ 11:00 ಮಾಡಿದಾಗ ಏನಾಯಿತೆಂದು ನೋಡಿ. ಆ ಯಂತ್ರದ ಪಾಲಿಗೆ ಜಾಗತಿಕ ಸಮಯವೇ 11:00 ಆಯಿತು, ಅಂದರೆ ಭಾರತದಲ್ಲಿ ಸಂಜೆ 4:30. ಪರದೆ ಸರಿಯಾಗಿ ಕಂಡರೂ ಯಂತ್ರವು ಐದೂವರೆ ಗಂಟೆ ಮುಂದಿನ ಲೋಕದಲ್ಲಿ ಬದುಕತೊಡಗಿತು. ಅಲ್ಲಿಂದ ಕಳಿಸಿದ ಇಮೇಲ್ ಇನ್ನೊಂದು ಕಂಪ್ಯೂಟರಿನಲ್ಲಿ ಸಂಜೆ ನಾಲ್ಕೂವರೆಗೆ ಕಳಿಸಿದ್ದೆಂದು ಕಾಣಬಹುದು; 30 ಸೆಕೆಂಡಿಗೊಮ್ಮೆ ಬದಲಾಗುವ ಲಾಗಿನ್ ಸಂಕೇತಗಳನ್ನು ಹುಟ್ಟಿಸುವ ತಂತ್ರಾಂಶ ಅದೇ ಕಂಪ್ಯೂಟರಿನಲ್ಲಿದ್ದರೆ ಅದರ ಒಂದು ಸಂಕೇತವೂ ಹೊಂದುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸಮಯ ಹೊಂದಿಸುವ ಸೇವೆ ಸರ್ವರನ್ನು ಕೇಳಿ, ಗಡಿಯಾರ 19,800 ಸೆಕೆಂಡು ಮುಂದಿರುವುದನ್ನು ಕಂಡು, ಅದನ್ನು ಹಿಂದಕ್ಕೆ ಎಳೆಯಿತು. ನಿಮಗೆ ಕೆಡಿಸಿದಂತೆ ಕಂಡದ್ದು ನಿಜಕ್ಕೂ ದುರಸ್ತಿ.

ಹೀಗೆ ಕೇಳುವ ವಿಧಾನಕ್ಕೆ ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್, ಚಿಕ್ಕದಾಗಿ ಎನ್‌ಟಿಪಿ, ಎಂದು ಹೆಸರು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಇದನ್ನು ರೂಪಿಸಿದರು. ಮೊದಲ ವಿವರಣೆ 1985ರಲ್ಲಿ ಬಂತು, ಈಗ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯದು 2010ರಲ್ಲಿ. ನಿಮ್ಮ ಪ್ರಶ್ನೆಗೆ ಬೇಕಾದ ಮುಖ್ಯ ಸಂಗತಿ ಇದು: ಎನ್‌ಟಿಪಿ ಸಂದೇಶದಲ್ಲಿ ಸಮಯವು 1900ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಸಂಖ್ಯೆಯಾಗಿ ಇರುತ್ತದೆ, ಸೆಕೆಂಡಿನ ಭಿನ್ನಾಂಶವೂ ಜೊತೆಗಿರುತ್ತದೆ. ಆ ಸಂದೇಶದಲ್ಲಿ ದೇಶವನ್ನಾಗಲಿ ವಲಯವನ್ನಾಗಲಿ ಬರೆಯಲು ಜಾಗವೇ ಇಲ್ಲ. ಆದ್ದರಿಂದ ದೆಹಲಿಯ ಸರ್ವರನ್ನು ಕೇಳಿದರೂ ಜರ್ಮನಿಯ ಸರ್ವರನ್ನು ಕೇಳಿದರೂ ಬರುವ ಸಂಖ್ಯೆ ಒಂದೇ. ಭಾರತದ ಅಧಿಕೃತ ಸಮಯವನ್ನು ಪರಮಾಣು ಗಡಿಯಾರಗಳಿಂದ ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರ್ ಕೂಡ ಎನ್‌ಟಿಪಿಯಲ್ಲಿ ಕೊಡುವುದು ಯುಟಿಸಿಯನ್ನೇ. ಐದೂವರೆ ಗಂಟೆ ಕೂಡಿಸುವ ಕೆಲಸ ನಿಮ್ಮ ಮೇಜಿನ ಮೇಲೆಯೇ ಆಗಬೇಕು.

ಈ ಗೊಂದಲಕ್ಕೆ ನಮ್ಮ ಮೊಬೈಲುಗಳೂ ಸ್ವಲ್ಪ ಕಾರಣವೆಂದು ನನ್ನ ಅನಿಸಿಕೆ. ಮೊಬೈಲ್ ಜಾಲವು ಸಮಯದ ಜೊತೆಗೆ ಆ ಊರಿನ ವಲಯವನ್ನೂ ಕಳಿಸಬಲ್ಲದು. ದುಬೈಗೆ ಹೋಗಿ ಇಳಿದ ಭಟ್ಕಳದವರ ಫೋನು ತಾನಾಗಿ ಒಂದೂವರೆ ಗಂಟೆ ಹಿಂದಕ್ಕೆ ಹೋಗುವುದು ಹಾಗೆ. ಸಮಯ ಮತ್ತು ವಲಯ ಒಂದೇ ಕೊಳವೆಯಲ್ಲಿ ಬರುತ್ತವೆ ಎಂಬ ಭಾವನೆ ಅಲ್ಲಿಂದ ಹುಟ್ಟಿ ಕಂಪ್ಯೂಟರಿಗೂ ಅಂಟಿಕೊಳ್ಳುತ್ತದೆ.

ವಲಯವು ಪ್ರಕೃತಿಯ ಸಂಗತಿಯಲ್ಲ, ಸರ್ಕಾರಗಳ ತೀರ್ಮಾನ. ಭಾರತದ ಸಮಯ ನಿಂತಿರುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಮೇಲೆ. ಕಾರವಾರ ಇರುವುದು 74.1 ಡಿಗ್ರಿಯ ಸುಮಾರಿಗೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಕಾರವಾರದ ಸೂರ್ಯ ನಮ್ಮ ಗಡಿಯಾರಕ್ಕಿಂತ ಸರಾಸರಿ 33ರಿಂದ 34 ನಿಮಿಷ ಹಿಂದೆ, ಶಿರಸಿಯಲ್ಲಿ ಸುಮಾರು 31 ನಿಮಿಷ ಹಿಂದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರಗಳನ್ನು ಇನ್ನೂ ಒಂದು ಗಂಟೆ ಮುಂದೆ ಇಡಲಾಗಿತ್ತು. ಇಂಥ ತೀರ್ಮಾನಗಳ ಪಟ್ಟಿಯನ್ನು ಕಂಪ್ಯೂಟರು ಎನ್‌ಟಿಪಿಯಿಂದ ಪಡೆಯುವುದಿಲ್ಲ. ಅದು ಕಾರ್ಯಾಚರಣಾ ವ್ಯವಸ್ಥೆಯ ಜೊತೆಗೆ ಬಂದಿರುತ್ತದೆ ಮತ್ತು ಅದರ ಅಪ್‌ಡೇಟ್‌ಗಳ ಮೂಲಕವೇ ಹೊಸದಾಗುತ್ತದೆ.

ಇನ್ನು ನಿಮ್ಮ ಹಳೆಯ ಕಂಪ್ಯೂಟರಿಗೆ ಬರೋಣ. ಏಳು ನಿಮಿಷವೆಂದರೆ 420 ಸೆಕೆಂಡು. ಜನವರಿ ಕೊನೆಯಿಂದ ಜೂನ್ ಕೊನೆಗೆ ಸುಮಾರು 150 ದಿನ. ದಿನಕ್ಕೆ 2.8 ಸೆಕೆಂಡಿನಷ್ಟು ಹಿಂದೆ ಬಿದ್ದಂತಾಯಿತು, ಅಂದರೆ ಹತ್ತು ಲಕ್ಷ ಸೆಕೆಂಡಿಗೆ ಸುಮಾರು 32 ಸೆಕೆಂಡು. ಕಂಪ್ಯೂಟರಿನ ಫಲಕದ ಮೇಲೆ ಗಡಿಯಾರಕ್ಕೆಂದು ಇರುವ ಸಣ್ಣ ಸ್ಫಟಿಕ ಶಿಲೆಯ ಹರಳು ಸೆಕೆಂಡಿಗೆ 32,768 ಸಲ ಕಂಪಿಸಬೇಕು. ಅಗ್ಗದ ಹರಳಿನಲ್ಲಿ, ಉಷ್ಣತೆಯ ಏರಿಳಿತವನ್ನೂ ಸೇರಿಸಿದರೆ, ಇಷ್ಟು ತಪ್ಪು ಬರುವುದು ತೀರ ಸಾಮಾನ್ಯ. ನಿಮ್ಮ ಯಂತ್ರದಲ್ಲಿ ವಿಶೇಷವಾಗಿ ಏನೂ ಕೆಟ್ಟಿಲ್ಲ. ಈ ಲೆಕ್ಕ ಹೇಳುವುದು ಇಷ್ಟೇ: ಐದು ತಿಂಗಳಿನಿಂದ ಅದನ್ನು ಯಾರೂ ತಿದ್ದಿಲ್ಲ. ಗುಂಡಿ ಚಾಲೂ ಇರುವುದಕ್ಕೂ ಸರ್ವರಿನಿಂದ ಉತ್ತರ ಬರುತ್ತಿರುವುದಕ್ಕೂ ವ್ಯತ್ಯಾಸವಿದೆ.

ಉತ್ತರ ಬಂದರೆ ತಿದ್ದುಪಡಿ ಹೇಗೆ ಆಗುತ್ತದೆಂಬುದನ್ನು ಒಮ್ಮೆ ನೋಡಿದರೆ ಯಾವ ಸರ್ವರ್ ಹಾಕಬೇಕೆಂಬ ನಿಮ್ಮ ಪ್ರಶ್ನೆಗೂ ಅಲ್ಲೇ ಸಮಾಧಾನ ಸಿಗುತ್ತದೆ. ಸರ್ವರ್ ಸಮಯ ಹೇಳಿದ ಮೇಲೆ ಆ ಮಾತು ನಿಮ್ಮನ್ನು ತಲುಪುವಷ್ಟರಲ್ಲಿ ಹಳೆಯದಾಗಿರುತ್ತದೆ. ಎಷ್ಟು ಹಳೆಯದೆಂದು ತಿಳಿಯಬೇಕಾದರೆ ದಾರಿಯ ಹೊತ್ತನ್ನು ಅಳೆಯಬೇಕು, ಅಳೆಯಲು ನಂಬಬಹುದಾದ ಗಡಿಯಾರ ನಿಮ್ಮಲ್ಲಿಲ್ಲ. ಎನ್‌ಟಿಪಿ ಈ ತೊಡಕನ್ನು ನಾಲ್ಕು ಗುರುತುಗಳಿಂದ ಬಿಡಿಸುತ್ತದೆ. ನಿಮ್ಮ ಕಂಪ್ಯೂಟರು ಪ್ರಶ್ನೆ ಕಳಿಸುವಾಗ ತನ್ನ ಗಡಿಯಾರದಲ್ಲಿ 04:30:00.000 ಎಂದು ಬರೆದುಕೊಂಡಿತೆನ್ನಿ. ಅದು ತಲುಪಿದಾಗ ಸರ್ವರಿನ ಗಡಿಯಾರದಲ್ಲಿ 04:37:00.030, ಉತ್ತರ ಹೊರಡಿಸುವಾಗ 04:37:00.031. ಉತ್ತರ ನಿಮ್ಮಲ್ಲಿಗೆ ಬಂದಾಗ ನಿಮ್ಮ ಗಡಿಯಾರದಲ್ಲಿ 04:30:00.061. ಇವನ್ನು ಕ್ರಮವಾಗಿ T1ರಿಂದ T4 ಎಂದು ಕರೆದರೆ ಲೆಕ್ಕ ಹೀಗೆ:

```
offset = ((T2 - T1) + (T3 - T4)) / 2
       = (420.030 + 419.970) / 2 = 420.000 s
delay  = (T4 - T1) - (T3 - T2)
       = 0.061 - 0.001 = 0.060 s
```

ಹೋಗುವಾಗ ದಾರಿಯ ಹೊತ್ತು ವ್ಯತ್ಯಾಸಕ್ಕೆ ಕೂಡಿಕೊಂಡಿದೆ, ಬರುವಾಗ ಅಷ್ಟೇ ಕಳೆದಿದೆ. ಸರಾಸರಿ ತೆಗೆದಾಗ ದಾರಿ ಅಳಿಸಿಹೋಗಿ ಗಡಿಯಾರದ ತಪ್ಪು ಮಾತ್ರ ಉಳಿಯುತ್ತದೆ. ಹೋಗಿಬಂದ ಒಟ್ಟು ಹೊತ್ತನ್ನು ಅಳೆಯಲು ಏಳು ನಿಮಿಷ ತಪ್ಪಿದ ಗಡಿಯಾರವೂ ಸಾಕು, ಏಕೆಂದರೆ ಅರುವತ್ತು ಮಿಲಿಸೆಕೆಂಡಿನಲ್ಲಿ ಅದು ಇನ್ನಷ್ಟು ತಪ್ಪುವುದಿಲ್ಲ.

ಈ ಲೆಕ್ಕದಲ್ಲಿ ಒಂದು ನಂಬಿಕೆ ಅಡಗಿದೆ: ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಹೊತ್ತು ಹಿಡಿಯುತ್ತದೆಂದು. ಹೊನ್ನಾವರದಿಂದ ಶರಾವತಿಯಲ್ಲಿ ಉಬ್ಬರದ ಜೊತೆಗೆ ಮೇಲಕ್ಕೆ ಹೋಗಿ, ಅದೇ ಉಬ್ಬರಕ್ಕೆ ಎದುರಾಗಿ ಮರಳುವ ದೋಣಿಯವನು ಒಟ್ಟು ಹೊತ್ತನ್ನು ಸರಿಯಾಗಿ ಹೇಳಬಲ್ಲ, ಆದರೆ ಅದರ ಅರ್ಧಕ್ಕೆ ಸರಿಯಾಗಿ ಆಚೆಯ ಕಟ್ಟೆ ಮುಟ್ಟಿದೆನೆಂದರೆ ತಪ್ಪಾಗುತ್ತದೆ. ಮೇಲಿನ ಉದಾಹರಣೆಯಲ್ಲೇ ಹೋಗಲು 50, ಬರಲು 10 ಮಿಲಿಸೆಕೆಂಡು ಹಿಡಿದಿದ್ದರೆ ಲೆಕ್ಕವು 420.020 ಎಂದು ಬರುತ್ತಿತ್ತು. 20 ಮಿಲಿಸೆಕೆಂಡಿನ ತಪ್ಪು ಒಳಗೆ ಸೇರಿರುವುದು ಯಾರಿಗೂ ತಿಳಿಯುತ್ತಿರಲಿಲ್ಲ. ದಾರಿ ಎಷ್ಟೇ ಸೊಟ್ಟಗಿದ್ದರೂ ಇದರಿಂದಾಗುವ ತಪ್ಪು ಒಟ್ಟು ವಿಳಂಬದ ಅರ್ಧವನ್ನು ಮೀರುವುದಿಲ್ಲ. ಹಾಗಾಗಿ ಹತ್ತಿರದ ಸರ್ವರಿನಿಂದ ಆಗುವ ಲಾಭ ನಿಜವಾದದ್ದೇ, ಆದರೆ ಅದು ಮಿಲಿಸೆಕೆಂಡುಗಳ ಲಾಭ. ಅಡಿಕೆ ಬಿಲ್ಲಿಗೆ ಇದರಿಂದ ಏನೂ ವ್ಯತ್ಯಾಸವಾಗದು.

ಈಗ ಪರೀಕ್ಷೆ. ಹಳೆಯ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಈ ಎರಡು ಸಾಲುಗಳನ್ನು ಒಂದಾದ ಮೇಲೊಂದು ಕೊಡಿ:

```
w32tm /query /status
w32tm /stripchart /computer:time.windows.com /samples:5 /dataonly
```

ಮೊದಲನೆಯದರ ಉತ್ತರದಲ್ಲಿ `Source` ಎಂಬ ಸಾಲಿನ ಎದುರು ಸರ್ವರಿನ ಹೆಸರಿನ ಬದಲು `Local CMOS Clock` ಎಂದಿದ್ದರೆ ಯಂತ್ರವು ತನ್ನ ಹರಳನ್ನೇ ನಂಬಿಕೊಂಡು ಕುಳಿತಿದೆ ಎಂದರ್ಥ. `Last Successful Sync Time` ಎಂಬುದರ ಎದುರು `unspecified` ಎಂದಿದ್ದರೆ ಅದೇ ಮಾತು ಇನ್ನೂ ಗಟ್ಟಿಯಾಯಿತು. ಸೇವೆ ಆರಂಭವೇ ಆಗಿಲ್ಲವೆಂಬ ದೋಷ ಬಂದರೆ `net start w32time` ಎಂದು ಕೊಟ್ಟು ಮತ್ತೆ ನೋಡಿ. ಎರಡನೆಯದು ಐದು ಸಲ ಸರ್ವರನ್ನು ಕೇಳಿ, ಪ್ರತಿ ಸಲದ ವ್ಯತ್ಯಾಸವನ್ನು ಸೆಕೆಂಡುಗಳಲ್ಲಿ ಬರೆಯುತ್ತದೆ, ಗಡಿಯಾರವನ್ನು ಮಾತ್ರ ಮುಟ್ಟುವುದಿಲ್ಲ. ಅಲ್ಲಿ `+420` ಆಸುಪಾಸಿನ ಸಂಖ್ಯೆ ಬಂದರೆ ದಾರಿ ತೆರೆದಿದೆ, ಹೊಂದಿಸುವ ಸೇವೆಯಲ್ಲಷ್ಟೇ ತೊಂದರೆ. ಸಂಖ್ಯೆಯ ಬದಲು `error: 0x800705B4` ಎಂದು ಬಂದರೆ ಕಾದು ಕಾದು ಉತ್ತರ ಬರಲಿಲ್ಲವೆಂದು ಅರ್ಥ. ಎನ್‌ಟಿಪಿ ವೆಬ್‌ಸೈಟುಗಳ ದಾರಿಯಲ್ಲಿ ಬರದೆ, ಯುಡಿಪಿಯ 123ನೆಯ ಪೋರ್ಟ್ ಎಂಬ ಬೇರೆ ಬಾಗಿಲಿನಲ್ಲಿ ನಡೆಯುತ್ತದೆ. ಆಂಟಿವೈರಸ್ಸಿನ ಫೈರ್‌ವಾಲ್ ಅಥವಾ ರೂಟರ್ ಅದನ್ನು ತಡೆದಿದ್ದರೆ ವೆಬ್‌ಸೈಟುಗಳೆಲ್ಲ ಸರಾಗವಾಗಿ ತೆರೆದರೂ ಸಮಯ ಮಾತ್ರ ಬರುವುದಿಲ್ಲ. ಎರಡನೆಯ ಕಂಪ್ಯೂಟರು ಅದೇ ರೂಟರಿನ ಹಿಂದೆ ಇದ್ದು ಸಮಯ ಪಡೆಯುತ್ತಿರುವುದರಿಂದ ನನ್ನ ಅನುಮಾನವೆಲ್ಲ ಹಳೆಯ ಯಂತ್ರದೊಳಗಿನ ಫೈರ್‌ವಾಲ್ ಅಥವಾ ನಿಂತುಹೋದ ಸೇವೆಯ ಮೇಲೆ. ಸರ್ವರ್ ಬದಲಿಸಿದರೆ ಇವೆರಡೂ ಸರಿಯಾಗವು.

ಅಡ್ಡಿ ತೆಗೆದ ಮೇಲೆ `w32tm /resync` ಎಂದು ಕೊಟ್ಟರೆ ಗಡಿಯಾರ ಏಳು ನಿಮಿಷ ಮುಂದಕ್ಕೆ ಹಾರುತ್ತದೆ. ಅನಂತರದ ಸಣ್ಣ ತಪ್ಪುಗಳನ್ನು ಹೀಗೆ ಹಾರಿಸದೆ, ಗಡಿಯಾರದ ನಡಿಗೆಯನ್ನೇ ಕೊಂಚ ಚುರುಕು ಅಥವಾ ನಿಧಾನ ಮಾಡಿ ಸರಿಪಡಿಸುವುದು ರೂಢಿ. ಮಿಲ್ಸ್ ಅವರ ಮೂಲ ತಂತ್ರಾಂಶದಲ್ಲಿ 128 ಮಿಲಿಸೆಕೆಂಡಿಗಿಂತ ಕಡಿಮೆ ತಪ್ಪಿಗೆ ಈ ವಿಧಾನ, ಅದಕ್ಕಿಂತ ಹೆಚ್ಚಿನದಕ್ಕೆ ಹಾರುವ ವಿಧಾನ. ನಿಮ್ಮ ಯಂತ್ರ ಮುಂದಕ್ಕೆ ಹಾರುವುದರಿಂದ ಬಿಲ್ಲುಗಳ ನಡುವೆ ಏಳು ನಿಮಿಷದ ಖಾಲಿ ಬೀಳುತ್ತದೆ, ಅಷ್ಟೇ. ಹಿಂದಕ್ಕೆ ಹಾರಬೇಕಾದ ಯಂತ್ರವಾದರೆ ನಂತರದ ಬಿಲ್ಲಿಗೆ ಮೊದಲಿನ ಸಮಯ ಬಿದ್ದು ಲೆಕ್ಕಪತ್ರದ ಅನುಕ್ರಮ ಕದಡುವುದರಿಂದ, ಆ ಕೆಲಸವನ್ನು ಅಂಗಡಿ ಮುಚ್ಚಿದ ಮೇಲೆ ಮಾಡುವುದು ಒಳ್ಳೆಯದು.

ಎರಡನೆಯ ಕಂಪ್ಯೂಟರಿಗೆ ಕೆಲಸ ಇನ್ನೂ ಚಿಕ್ಕದು. ಅಲ್ಲಿ ಗಡಿಯಾರ ಮುಟ್ಟಬೇಡಿ. ಕಮಾಂಡ್ ಪ್ರಾಂಪ್ಟನ್ನು ಇಲ್ಲಿಯೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಲಯ ಯಾವುದಿದೆಯೆಂದು ಕೇಳಿ, ಬದಲಿಸಿ, ಆಮೇಲೆ ಒಮ್ಮೆ ಸರ್ವರನ್ನು ಕೇಳಿಸಿ:

```
tzutil /g
tzutil /s "India Standard Time"
w32tm /resync
```

ಮೊದಲ ಸಾಲಿಗೆ ಉತ್ತರವಾಗಿ `UTC` ಎಂದು ಬರುತ್ತದೆಂದು ನಾನು ಈಗಲೇ ಊಹಿಸಬಲ್ಲೆ. ವಲಯ ಬದಲಿಸಿದಾಗ ವಿಂಡೋಸ್ ಒಳಗಿನ ಯುಟಿಸಿಯನ್ನು ಹಾಗೆಯೇ ಇಟ್ಟು ತೋರಿಕೆಯನ್ನು ಮಾತ್ರ ಬದಲಿಸುತ್ತದೆ. ಆದ್ದರಿಂದ ಆ ಕ್ಷಣವೇ ಪರದೆ ಐದೂವರೆ ಗಂಟೆ ಮುಂದೆ ಹೋಗಿ ಅಲ್ಲಿಯೇ ನಿಲ್ಲುತ್ತದೆ.

ಇಂಥದ್ದನ್ನು ಮುಂದೆ ನೋಡಿದ ಕೂಡಲೇ ಗುರುತಿಸಲು ನಿಮ್ಮ ಫೋನಿನ ಪಕ್ಕದಲ್ಲಿಟ್ಟು ನಿಮಿಷ ಮತ್ತು ಸೆಕೆಂಡುಗಳನ್ನು ಹೋಲಿಸಿ. ವ್ಯತ್ಯಾಸ ಅರ್ಧ ಗಂಟೆಗಳ ಲೆಕ್ಕದಲ್ಲಿ ಚೊಕ್ಕವಾಗಿದ್ದು ದಿನ ಕಳೆದರೂ ಬದಲಾಗದಿದ್ದರೆ ಅದು ವಲಯದ ದೋಷ. ಏಳು ನಿಮಿಷ, ನಲವತ್ತು ಸೆಕೆಂಡು ಎಂಬಂಥ ಅಡ್ಡಾದಿಡ್ಡಿ ಸಂಖ್ಯೆಯಾಗಿದ್ದು ವಾರವಾರಕ್ಕೂ ಬೆಳೆಯುತ್ತಿದ್ದರೆ ಗಡಿಯಾರದ್ದು. ಕಾರವಾರದ ಒಂದು ಅಂಗಡಿಯವರು ತಮ್ಮ ಸಿಸಿಟಿವಿ ಪೆಟ್ಟಿಗೆ ಸರಿಯಾಗಿ ಎರಡೂವರೆ ಗಂಟೆ ಮುಂದಿದೆಯೆಂದು ನನ್ನನ್ನು ಕರೆಸಿದ್ದರು. ಬಾಗಿಲಲ್ಲಿ ನಿಂತು ಆ ಸಂಖ್ಯೆ ಕೇಳಿದಾಗಲೇ ಕಾರಣ ತಿಳಿದಿತ್ತು: ಅದು ಚೀನಾದ ವಲಯದಲ್ಲಿತ್ತು, ಅಲ್ಲಿಯ ಸಮಯ ಯುಟಿಸಿಗಿಂತ ಎಂಟು ಗಂಟೆ ಮುಂದೆ.

ಮೂರನೆಯ ಬಗೆಯ ತಪ್ಪೊಂದಿದೆ, ಘಟ್ಟದ ಮಳೆಗಾಲದ ವಿದ್ಯುತ್ತಿನಲ್ಲಿ ಅದನ್ನೂ ಹೇಳಿಬಿಡುವುದು ಮೇಲು. ಕರೆಂಟು ಹೋಗಿ ಬಂದಾಗ ಕಂಪ್ಯೂಟರು ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸಿದರೆ, ಯಂತ್ರ ಆರಿದ್ದಾಗ ಗಡಿಯಾರವನ್ನು ನಡೆಸುವ ಗುಂಡಿ ಬ್ಯಾಟರಿ ಮುಗಿದಿದೆ. ಹೆಚ್ಚಿನ ಯಂತ್ರಗಳಲ್ಲಿ ಅದು ಸಿಆರ್2032. ಎನ್‌ಟಿಪಿ ಇದನ್ನು ಸರಿಮಾಡಬೇಕಲ್ಲವೇ ಎಂದರೆ, ವಿಂಡೋಸಿನಲ್ಲಿ ಸ್ವತಂತ್ರ ಕಂಪ್ಯೂಟರುಗಳಿಗೆ ಸಾಮಾನ್ಯವಾಗಿ 54,000 ಸೆಕೆಂಡಿನ ಮಿತಿ ಇಟ್ಟಿರುತ್ತಾರೆ. ಹದಿನೈದು ಗಂಟೆಗಿಂತ ದೊಡ್ಡ ವ್ಯತ್ಯಾಸ ಕಂಡರೆ ಸರ್ವರೇ ತಪ್ಪಿರಬಹುದೆಂದು ಸೇವೆ ಅದನ್ನು ತಿದ್ದದೆ ಬಿಡುತ್ತದೆ. ನಿಮ್ಮ ಐದೂವರೆ ಗಂಟೆ ಆ ಮಿತಿಯ ಒಳಗಿದ್ದುದರಿಂದಲೇ ಅದು ಹಿಂದಕ್ಕೆ ಬಂದದ್ದು. ಬ್ಯಾಟರಿ ಸತ್ತ ಯಂತ್ರದಲ್ಲಿ ಮೊದಲು ದಿನಾಂಕವನ್ನು ಕೈಯಿಂದ ಹತ್ತಿರಕ್ಕೆ ತಂದು, ಆಮೇಲೆ ಎನ್‌ಟಿಪಿಗೆ ಬಿಡಬೇಕು.

ಕೊನೆಯದಾಗಿ, ಎರಡನೆಯ ಕಂಪ್ಯೂಟರಿನಲ್ಲಿ ಈಗಾಗಲೇ ಉಳಿಸಿರುವ ಕಡತಗಳ ವಿಷಯ. ಅದರ ಹಾರ್ಡ್‌ಡಿಸ್ಕಿನಲ್ಲಿ ಕಡತಗಳ ಸಮಯ ಯುಟಿಸಿಯಲ್ಲೇ ದಾಖಲಾಗಿರುತ್ತದೆ. ವಲಯ ಮಾತ್ರ ತಪ್ಪಿದ್ದ ದಿನಗಳಲ್ಲಿ ಉಳಿಸಿದವು, ವಲಯ ಸರಿಪಡಿಸಿದ ಕೂಡಲೇ ತಾವಾಗಿ ಸರಿಯಾದ ಸಮಯ ತೋರಿಸುತ್ತವೆ; ನೀವು ಕೈಯಿಂದ ಮುಂದೆ ಮಾಡಿಟ್ಟಿದ್ದ ಹೊತ್ತಿನಲ್ಲಿ ಉಳಿಸಿದವು ಮಾತ್ರ ಇನ್ನುಮುಂದೆ ಐದೂವರೆ ಗಂಟೆ ಮುಂದಿನವಾಗಿ ಕಾಣುತ್ತವೆ. ಬಿಲ್ಲಿನ ಮೇಲೆ ಅಕ್ಷರಗಳಲ್ಲಿ ಅಚ್ಚಾದ ಸಮಯ ಎರಡೂ ಸಂದರ್ಭದಲ್ಲಿ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಎಂಬ ಕಡತ ವ್ಯವಸ್ಥೆಯು ಯುಟಿಸಿಯ ಬದಲು ಪರದೆಯ ಸಮಯವನ್ನೇ ಬರೆದುಕೊಳ್ಳುವುದರಿಂದ, ಆ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಹಾಕಿದ ಪ್ರತಿಗಳಲ್ಲಿ ಲೆಕ್ಕ ತಿರುವುಮುರುವಾಗಿರುತ್ತದೆ: ಕೈಯಿಂದ ತಿದ್ದಿದ್ದಾಗ ಉಳಿಸಿದವು ಸರಿ, ಉಳಿದವು ಐದೂವರೆ ಗಂಟೆ ಹಿಂದೆ. ಲೆಕ್ಕಪರಿಶೋಧಕರಿಗೆ ಯಾವುದಾದರೂ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದರೆ, ವಲಯ ಬದಲಿಸಿದ ದಿನಾಂಕ ಮತ್ತು ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೆ ಇಡಿ.